ಇಪ್ಪತ್ತು ತೆಂಗಿನ ಮರ: ಎಳನೀರು ಮಾರಬೇಕಾ, ಕೊಬ್ಬರಿ ಮಾಡಬೇಕಾ, ಎಣ್ಣೆ ತೆಗೆಯಬೇಕಾ?

ನಮಸ್ಕಾರ ಎಲ್ಲರಿಗೂ. ಈಗ ಕಾಣ್ತಿರೋದು ನಮ್ಮ ಮನೆ ಹಿಂದಿನ ತೋಟ. ಅರಸೀಕೆರೆ ಕಡೆ ಊರು ನಮ್ಮದು. ಇಲ್ಲಿ ಇಪ್ಪತ್ತು ಮರ ಇವೆ, ಎಲ್ಲಾ ತಿಪಟೂರು ಕಡೆಯ ಎತ್ತರದ ನಾಟಿ ತಳಿ. ಕಳೆದ ವಿಡಿಯೋ ನೋಡಿದ ತುಂಬಾ ಜನ ಒಂದೇ ಪ್ರಶ್ನೆ ಕೇಳಿದ್ರಿ: ನಾಲ್ಕಾರು ಮರ ಇರೋರು ಕಾಯಿಯನ್ನು ಯಾವ ರೂಪದಲ್ಲಿ, ಯಾರಿಗೆ ಕೊಟ್ಟರೆ ಕೈಗೆ ನಾಲ್ಕು ಕಾಸು ಉಳಿಯುತ್ತೆ ಅಂತ. ಇವತ್ತು ಲೆಕ್ಕ ಹಾಕಿಯೇ ತೋರಿಸ್ತೀನಿ.

ಮೊದಲು ಸ್ವಲ್ಪ ತಲೆ ಎತ್ತಿ ಸುಳಿ ಕಡೆ ನೋಡಿ. ಚೆನ್ನಾಗಿ ಸಾಕಿದ ಮರ ಹೆಚ್ಚುಕಮ್ಮಿ ತಿಂಗಳಿಗೊಂದು ಹೊಂಬಾಳೆ ಬಿಡುತ್ತೆ. ಹಾಗಾಗಿ ಒಂದೇ ಮರದಲ್ಲಿ ಎಲ್ಲಾ ವಯಸ್ಸಿನ ಗೊನೆಯೂ ಇರುತ್ತೆ. ಈಗಷ್ಟೇ ಕಾಯಿ ಕಚ್ಚಿದ ಗೊನೆಯಿಂದ ಕೆಳಕ್ಕೆ ಎಣಿಸುತ್ತಾ ಬನ್ನಿ. ಆರನೆಯದೋ ಏಳನೆಯದೋ ಎಳನೀರಿನ ಗೊನೆ. ಹನ್ನೊಂದು, ಹನ್ನೆರಡನೆಯದು ಬಲಿತ ಕಾಯಿ. ಅಂದ್ರೆ ಒಂದು ಗೊನೆಯನ್ನು ಏಳನೇ ತಿಂಗಳಲ್ಲಿ ಇಳಿಸ್ತೀರೋ, ಇನ್ನೂ ಐದು ತಿಂಗಳು ಬಿಡ್ತೀರೋ ಅನ್ನೋದೇ ನಿಮ್ಮ ಮೊದಲ ವ್ಯಾಪಾರದ ತೀರ್ಮಾನ.

ಎಳನೀರಿಂದ ಶುರು ಮಾಡೋಣ. ನಮ್ಮ ಇಪ್ಪತ್ತು ಮರಕ್ಕೆ ತಿಂಗಳಿಗೆ ಇಪ್ಪತ್ತು ಗೊನೆ. ಗೊನೆಗೆ ಆರೇಳು ಕಾಯಿ ಅಂದ್ರೂ ನೂರಮೂವತ್ತರ ಹತ್ತಿರ ಆಯ್ತು. ಒಂದು ಎಳನೀರು ಸುಮಾರು ಎರಡು ಕೆಜಿ ತೂಗುತ್ತೆ. ಒಟ್ಟು 260 ಕೆಜಿ. ಒಂದು ಟಾಟಾ ಏಸ್ ಇದರ ಮೂರರಷ್ಟು ಹೊರಬಹುದು. ಇಲ್ಲೇ ಸಮಸ್ಯೆ ಬರೋದು. ವ್ಯಾಪಾರಿ ಗಾಡಿ ತುಂಬೋ ಮಾಲು ಇರೋ ತೋಟಕ್ಕೆ ಬರ್ತಾನೆ. ನಿಮ್ಮ ನೂರಮೂವತ್ತು ಕಾಯಿಗೋಸ್ಕರ ದಾರಿ ಬಿಟ್ಟು ಒಳಗೆ ಬರಬೇಕು ಅಂದ್ರೆ ದರ ಇಳಿಸಿಯೇ ಕೇಳ್ತಾನೆ. ಮದ್ದೂರಿನ ಎಪಿಎಂಸಿಯಲ್ಲಿ ಎಳನೀರಿಗೇ ದೊಡ್ಡ ಮಾರುಕಟ್ಟೆ ಇದೆ, ಅಲ್ಲಿಂದ ಹೊರರಾಜ್ಯಗಳಿಗೆ ಲಾರಿ ಹೋಗುತ್ತೆ. ಆದ್ರೆ ಗಾಡಿಯ ಮೂರರಲ್ಲಿ ಎರಡು ಪಾಲು ಖಾಲಿ ಇಟ್ಕೊಂಡು ನಾವು ಇಲ್ಲಿಂದ ಅಲ್ಲಿಗೆ ಹೋದರೆ ಬಾಡಿಗೆಗೇ ಸರಿಹೋಗುತ್ತೆ.

ಇನ್ನೊಂದು ಖರ್ಚು ಕಣ್ಣಿಗೆ ಬೀಳಲ್ಲ. ಅದು ಮರ ಹತ್ತಿಸೋದು. ನಮ್ಮೂರಲ್ಲಿ ಮರಕ್ಕೆ 50 ರೂಪಾಯಿ. ಬಲಿತ ಕಾಯಿಯಾದ್ರೆ ಎರಡು ತಿಂಗಳಿಗೊಮ್ಮೆ ಹತ್ತಿಸಿದರೆ ಸಾಕು, ಒಂದೇ ಸಲ ಎರಡು ಗೊನೆ ಕೆಳಗೆ ಬರುತ್ತೆ. ಕಾಯಿಗೆ ನಾಲ್ಕು ರೂಪಾಯಿ ಬಿತ್ತು. ಎಳನೀರು ಹಾಗೆ ಕಾಯಲ್ಲ. ಒಂದು ತಿಂಗಳು ತಡವಾದ್ರೆ ಗಂಜಿ ದಪ್ಪ ಆಗಿ ಕಾಯಿಯಾಗೋಕೆ ಶುರು. ಹಾಗಾಗಿ ತಿಂಗಳಿಗೊಮ್ಮೆ ಹತ್ತಿಸಲೇಬೇಕು. ಕಾಯಿಗೆ ಏಳೆಂಟು ರೂಪಾಯಿ ಆಯ್ತು ನೋಡಿ. ಅದೂ ಅಲ್ಲದೆ ಎಳನೀರನ್ನು ಮೇಲಿಂದ ಬಿಸಾಕೋ ಹಾಗಿಲ್ಲ, ಒಡೆದು ಹೋಗುತ್ತೆ. ಈ ದೃಶ್ಯದಲ್ಲಿ ನೋಡಿ, ಅಣ್ಣ ಗೊನೆಗೆ ಹಗ್ಗ ಕಟ್ಟಿ, ಹಗ್ಗವನ್ನು ಗರಿಯ ಬುಡದ ಮೇಲೆ ಹಾಯಿಸಿ, ಆಮೇಲೆ ಕತ್ತಿ ಹಾಕ್ತಾರೆ. ಕೆಳಗೆ ಒಬ್ಬರು ಹಗ್ಗ ಹಿಡಿದು ನಿಧಾನಕ್ಕೆ ಬಿಡಬೇಕು. ನಮ್ಮನೇಲಿ ಆ ಕೆಲಸ ನನ್ನದೇ.

ವ್ಯಾಪಾರಿ ತನ್ನದೇ ಆಳು ತಂದು ಕೊಯ್ದರೆ ನಮಗೆ ಈ ಸೀಸನ್ನಲ್ಲಿ ಸಿಕ್ಕಿದ್ದು ಕಾಯಿಗೆ 20 ರೂಪಾಯಿ. ನಾವೇ ಕೊಯ್ಸಿ, ಹೆದ್ದಾರಿ ಪಕ್ಕದ ಎಳನೀರು ಅಂಗಡಿಗೆ ಹಾಕಿದರೆ 30. ಹತ್ತಿಸಿದ ಕೂಲಿ, ಸಾಗಿಸಿದ ಆಟೋ ಕಳೆದರೆ 20ರ ಆಸುಪಾಸಿಗೇ ಬಂದು ನಿಲ್ಲುತ್ತೆ. ಹಾಗಾದ್ರೆ ಅಂಗಡಿಗೆ ಯಾಕೆ ಹಾಕಬೇಕು? ಅಂಗಡಿಯವರು ವಾರವಾರ ನಲವತ್ತು ಐವತ್ತು ಕಾಯಿ ಸಾಕು ಅಂತಾರೆ, ಗಾಡಿ ತುಂಬಲೇಬೇಕು ಅಂತ ಹೇಳಲ್ಲ. ಕಡಿಮೆ ಮಾಲು ಇರೋರಿಗೆ ಈ ಅನುಕೂಲ ದೊಡ್ಡದು. ಆದ್ರೆ ಅವರು ಗಿರಾಕಿಯ ಬಾಯಿ ನೋಡಿ ಮಾತಾಡ್ತಾರೆ: ಅರ್ಧ ನೀರಿನ ಕಾಯಿ, ಅರ್ಧ ಗಂಜಿ ಇರೋದು ಬೇಕು. ಅದಕ್ಕೆ ಎಲ್ಲಾ ಮರದ ಏಳನೇ ಗೊನೆಯನ್ನೇ ಕೊಯ್ಯದೆ, ಕೆಲವು ಮರದಲ್ಲಿ ಆರನೆಯದನ್ನು ಇಳಿಸಬೇಕಾಗುತ್ತೆ.

ಈಗ ಅಟ್ಟಕ್ಕೆ ಹತ್ತೋಣ. ಇಲ್ಲಿ ಹರಡಿರೋದು ಸುಲಿಯದ ಬಲಿತ ಕಾಯಿ. ನಮ್ಮ ಕಡೆಯ ಉಂಡೆ ಕೊಬ್ಬರಿ ಆಗೋದು ಹೀಗೆ. ಕಾಯಿ ಅಟ್ಟ ಸೇರಿದ ಮೇಲೆ ಎಂಟರಿಂದ ಹನ್ನೆರಡು ತಿಂಗಳು ಹಾಗೇ ಇರಬೇಕು. ಒಳಗಿನ ನೀರು ತಾನಾಗೇ ಇಂಗಿ, ಗಿಟುಕು ಚಿಪ್ಪಿನಿಂದ ಬಿಟ್ಟುಕೊಳ್ಳುತ್ತೆ. ಆಗಿದೆಯಾ ಅಂತ ಹೇಗೆ ಗೊತ್ತಾಗುತ್ತೆ? ಅಲ್ಲಾಡಿಸಿ ಕೇಳಬೇಕು. ಈ ಕಾಯಿ ಕೇಳಿ, ಗುಳುಗುಳು ಅಂತಿದೆ, ಇನ್ನೂ ನೀರಿದೆ. ಇದು ಕೇಳಿ, ಗಟಗಟ ಅಂತಿದೆ, ಗಿಟುಕು ಚಿಪ್ಪಿಗೆ ಬಡೀತಿದೆ. ಇದನ್ನು ಸುಲಿಯಬಹುದು. ಏನೂ ಸದ್ದಿಲ್ಲ ಅಂದ್ರೆ ಇನ್ನೂ ಬಿಟ್ಟುಕೊಂಡಿಲ್ಲ, ಈಗಲೇ ಒಡೆದರೆ ಗಿಟುಕು ಚೂರಾಗುತ್ತೆ. ಚೂರಾದದ್ದು, ಬೂಷ್ಟು ಹಿಡಿದದ್ದು ಕೌಟು ಲೆಕ್ಕಕ್ಕೆ ಹೋಗುತ್ತೆ, ದರ ಬಿದ್ದು ಹೋಗುತ್ತೆ.

ನೂರು ಕಾಯಿ ಅಟ್ಟಕ್ಕೆ ಹಾಕಿದರೆ ಮೊಳಕೆ ಬಂದದ್ದು, ಕೊಳೆತದ್ದು ಹತ್ತು ಹೋಯ್ತು ಅಂದುಕೊಳ್ಳಿ. ಉಳಿದ ತೊಂಬತ್ತರಲ್ಲಿ ಏಳು ಗಿಟುಕಿಗೆ ಒಂದು ಕೆಜಿ ತೂಗಿದರೂ ಹದಿಮೂರು ಕೆಜಿ ಹತ್ತಿರ ಆಯ್ತು. ಕೆಜಿಗೆ 200 ರೂಪಾಯಿ ಇದ್ದರೆ 2,600. ಅಂದ್ರೆ ಕಾಯಿಗೆ 26. ಹತ್ತಿಸೋದು, ಸುಲಿಯೋದು ಕಳೆದರೆ 20ರ ಹತ್ತಿರ. ಎಳನೀರಿನಷ್ಟೇ ಆಯ್ತು, ಅದೂ ಒಂದರಿಂದ ಒಂದೂವರೆ ವರ್ಷ ತಡವಾಗಿ.

ಮತ್ತೆ ಯಾಕೆ ಕೊಬ್ಬರಿ ಅಂತೀರಾ? ಕೊಬ್ಬರಿ ಕಾಯುತ್ತೆ, ದರ ನೋಡಿ ಕೊಡಬಹುದು. ಆದ್ರೆ ಆ ದರ ಎಷ್ಟು ಏರಿಳಿಯುತ್ತೆ ಅನ್ನೋದನ್ನೂ ಹೇಳಲೇಬೇಕು. 2023ರಲ್ಲಿ ಉಂಡೆ ಕೊಬ್ಬರಿಗೆ ಸರ್ಕಾರದ ಬೆಂಬಲ ಬೆಲೆ ಕ್ವಿಂಟಲ್‌ಗೆ 11,750 ರೂಪಾಯಿ ಇದ್ದಾಗ ಮಾರುಕಟ್ಟೆ ಎಂಟು ಸಾವಿರದ ಆಸುಪಾಸಿಗೆ ಕುಸಿದಿತ್ತು. 2025ರಲ್ಲಿ ಬೆಂಬಲ ಬೆಲೆ 12,100. ಆ ವರ್ಷ ತಿಪಟೂರು ಮಾರುಕಟ್ಟೆಯಲ್ಲಿ ಕೊಬ್ಬರಿ 25,000 ದಾಟಿತು. ಮೇಲಿನ ಲೆಕ್ಕಕ್ಕೆ ಈ ದರ ಹಾಕಿ ನೋಡಿ. ಒಂದು ಕಾಲಕ್ಕೆ ಕಾಯಿಗೆ ಖರ್ಚು ಕಳೆಯೋ ಮುಂಚೆಯೇ ಹತ್ತು ರೂಪಾಯಿ. ಇನ್ನೊಂದು ಕಾಲಕ್ಕೆ ಮೂವತ್ತೆರಡು. ಮಾರುಕಟ್ಟೆ ಬಿದ್ದಾಗ ಬೆಂಬಲ ಬೆಲೆಗೆ ಕೊಳ್ಳೋ ನಾಫೆಡ್ ಖರೀದಿ ಕೇಂದ್ರ ತೆರೆದರೆ ಅದು ನಿಜವಾದ ಆಸರೆ. ಅಲ್ಲಿಗೆ ಕೊಡಬೇಕಾದರೆ ರೈತ ನೋಂದಣಿಯ ಫ್ರೂಟ್ಸ್ ಐಡಿ ಬೇಕು, ಪಹಣಿಯಲ್ಲಿ ತೆಂಗು ಬೆಳೆ ಅಂತ ದಾಖಲಾಗಿರಬೇಕು. ಮನೆ ಹಿತ್ತಲಲ್ಲಿ ನಾಲ್ಕು ಮರ ಇರೋರು ತುಂಬಾ ಜನ ಇಲ್ಲೇ ಸಿಕ್ಕಿಹಾಕಿಕೊಳ್ತಾರೆ, ಬೆಳೆ ಸಮೀಕ್ಷೆಯಲ್ಲಿ ಅವರ ಮರ ಲೆಕ್ಕಕ್ಕೇ ಬಂದಿರಲ್ಲ. ಸಮೀಕ್ಷೆ ಟೈಮಲ್ಲೇ ಒಂದು ಸಲ ನೋಡಿಕೊಳ್ಳಿ.

ಒಂದೆರಡು ಚೀಲ ಮಾತ್ರ ಇದ್ದರೆ ಊರಿಗೆ ಬರೋ ವ್ಯಾಪಾರಿಗೆ ಕೊಡೋದು ಸುಲಭ. ಆದ್ರೆ ಎಪಿಎಂಸಿ ಟೆಂಡರ್ ದಿನ ಎಷ್ಟಕ್ಕೆ ಹೋಯ್ತು ಅಂತ ಕೇಳಿಕೊಂಡೇ ಮಾತು ಶುರು ಮಾಡಿ. ಒಬ್ಬ ವ್ಯಾಪಾರಿ ನಮ್ಮ ಮನೇಲಿ ಒಳ್ಳೆ ದರ ಹೇಳಿ, ತೂಕದ ಹೊತ್ತಿಗೆ ಚೀಲಕ್ಕೆ ಎರಡು ಕೆಜಿ ಕಡಿತ ಅಂದ. ಕೊಡಲಿಲ್ಲ ನಾವು. ಅಕ್ಕಪಕ್ಕದ ಮನೆಯವರ ಚೀಲದ ಜೊತೆ ಸೇರಿಸಿ ಮಂಡಿಗೆ ಕಳಿಸಿದ್ವಿ.

ಈಗ ಎಣ್ಣೆ. ಇದಕ್ಕೆ ಅಟ್ಟದ ಉಂಡೆ ಬೇಡ. ಬಲಿತ ಕಾಯಿ ಒಡೆದು, ಹೋಳು ಮಾಡಿ, ಬಿಸಿಲಲ್ಲಿ ಒಣಗಿಸೋದು. ಒಳ್ಳೆ ಬಿಸಿಲಾದ್ರೆ ಐದರಿಂದ ಏಳು ದಿನ. ನೆಲದ ಮೇಲೆ ಹಾಕಬೇಡಿ, ಟಾರ್ಪಾಲ್ ಹಾಸಿ, ಸಂಜೆ ಒಳಗೆ ತನ್ನಿ. ಒಣಗಿದೆಯಾ ಅನ್ನೋದಕ್ಕೆ ಅಮ್ಮ ಹೋಳು ಮುರಿದು ನೋಡ್ತಾರೆ: ಚಟ್ ಅಂತ ಮುರಿಯಬೇಕು, ಬಾಗಬಾರದು. ನಾನು ಅದರ ಜೊತೆ ತಕ್ಕಡಿ ಇಡ್ತೀನಿ. ಗುರುತು ಮಾಡಿದ ಹತ್ತು ಹೋಳನ್ನು ಇವತ್ತೂ ನಾಳೆಯೂ ತೂಗೋದು. ತೂಕ ಇಳಿಯೋದು ನಿಂತರೆ ಗಾಣಕ್ಕೆ ಒಯ್ಯಬಹುದು. ತೇವ ಉಳಿದರೆ ಎಣ್ಣೆ ಬೇಗ ಕಮಟು ಹಿಡಿಯುತ್ತೆ.

ನೂರು ಕಾಯಿಗೆ ಹದಿನಾಲ್ಕು ಕೆಜಿ ಹೋಳು ಬಂತು ಅಂದುಕೊಳ್ಳಿ. ಮರದ ಗಾಣದಲ್ಲಿ ಸುಮಾರು ಎಂಟು ಕೆಜಿ ಎಣ್ಣೆ, ಅಂದ್ರೆ ಎಂಟೂಮುಕ್ಕಾಲು ಲೀಟರ್ ಹತ್ತಿರ. ಹಿಂಡಿ ದನಕ್ಕಾಯ್ತು. ಇದರಿಂದ ಒಂದು ಸೂತ್ರ ಸಿಗುತ್ತೆ, ದಯವಿಟ್ಟು ಬರೆದಿಟ್ಟುಕೊಳ್ಳಿ. ಒಂದು ಲೀಟರ್ ಎಣ್ಣೆಗೆ 1.6 ಕೆಜಿ ಕೊಬ್ಬರಿ ಬೇಕು. ಕೊಬ್ಬರಿ ಕೆಜಿಗೆ 200 ಇದ್ದರೆ ಕೊಬ್ಬರಿಯೇ 320 ರೂಪಾಯಿ ಆಯ್ತು. ಗಾಣದ ಕೂಲಿ 40, ಬಾಟಲಿ, ಲೇಬಲ್ 20. ಒಟ್ಟು 380. ಲೀಟರ್ 380ಕ್ಕಿಂತ ಕಡಿಮೆಗೆ ಮಾರಿದರೆ, ಆ ಹೋಳನ್ನು ಸುಮ್ನೆ ಕೊಬ್ಬರಿಯಾಗಿ ಕೊಟ್ಟಿದ್ದರೇ ಲಾಭ ಇತ್ತು. ನಾವು 450ಕ್ಕೆ ಕೊಡ್ತೀವಿ. ಲೀಟರಿಗೆ ಸಿಗೋ ಆ 70 ರೂಪಾಯಿ ಒಂದು ವಾರದ ಬಿಸಿಲು ಕಾಯೋ ಕೆಲಸಕ್ಕೆ, ಗಿರಾಕಿ ಹುಡುಕೋ ಕೆಲಸಕ್ಕೆ. ಕೊಬ್ಬರಿ ದರ ಏರಿದಾಗ ಎಣ್ಣೆ ದರ ಏರಿಸದೆ ಹಳೇ ಗಿರಾಕಿಗಳ ಮುಲಾಜಿಗೆ ಸುಮ್ಮನಿರೋರು ಎಷ್ಟೋ ಜನ ಇದ್ದಾರೆ. ಅವರಿಗೆ ಗೊತ್ತಿಲ್ಲದೆಯೇ ಕೈಯಿಂದ ದುಡ್ಡು ಹೋಗ್ತಿರುತ್ತೆ.

ಎಣ್ಣೆಯ ನಿಜವಾದ ಅನುಕೂಲ ಬೇರೆ. ನೂರು ಕಾಯಿಯ ಎಳನೀರು ಇನ್ನೂರು ಕೆಜಿ. ಅದೇ ನೂರು ಕಾಯಿಯ ಎಣ್ಣೆ ಎಂಟು ಕೆಜಿ. ದೂರಕ್ಕೆ ಕಳಿಸೋಕೆ ಆಗೋದು ಇದೊಂದೇ. ಬೆಂಗಳೂರಿನ ನೆಂಟರು, ಅವರ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪು, ಇಷ್ಟರಲ್ಲೇ ನಮ್ಮ ಎಣ್ಣೆ ಖಾಲಿ. ಕೆಎಸ್‌ಆರ್‌ಟಿಸಿ ಬಸ್ಸಿನ ಕಾರ್ಗೋದಲ್ಲಿ ಒಟ್ಟಿಗೆ ಒಂದು ಪೆಟ್ಟಿಗೆ ಹಾಕ್ತೀವಿ, ಅತ್ತಿಗೆ ಅಲ್ಲಿ ಹಂಚ್ತಾರೆ. ಬಿಡಿಬಿಡಿಯಾಗಿ ಕೊರಿಯರ್ ಮಾಡಿದರೆ ಆ 70 ರೂಪಾಯಿ ಕೊರಿಯರ್‌ಗೇ ಹೋಗುತ್ತೆ. ಗಾಣದಿಂದ ತಂದ ಎಣ್ಣೆಯನ್ನು ಸ್ಟೀಲ್ ಪಾತ್ರೆಯಲ್ಲಿ ನಾಲ್ಕೈದು ದಿನ ತಿಳಿಯಾಗೋಕೆ ಬಿಟ್ಟು, ಬಟ್ಟೆಯಲ್ಲಿ ಸೋಸಿಯೇ ತುಂಬಬೇಕು. ಚಳಿಗಾಲದಲ್ಲಿ ಕಳಿಸುವಾಗ ಅಗಲ ಬಾಯಿಯ ಡಬ್ಬಿ ಬಳಸಿ. 24 ಡಿಗ್ರಿಗಿಂತ ಕೆಳಗೆ ಎಣ್ಣೆ ಗಟ್ಟಿಯಾಗುತ್ತೆ, ಕಿರಿದಾದ ಬಾಯಿಯ ಬಾಟಲಿಯಿಂದ ಹೊರಗೇ ಬರಲ್ಲ. ಮತ್ತೊಂದು ಮಾತು, ಖಾದ್ಯ ಎಣ್ಣೆಯನ್ನು ಪ್ಯಾಕ್ ಮಾಡಿ ಲೇಬಲ್ ಹಾಕಿಯೇ ಮಾರಬೇಕು ಅನ್ನೋದು ನಿಯಮ. ಚಿಕ್ಕ ವ್ಯಾಪಾರಕ್ಕೆ ಎಫ್‌ಎಸ್‌ಎಸ್‌ಎಐ ನೋಂದಣಿ ಸಾಕು, ಶುಲ್ಕ ವರ್ಷಕ್ಕೆ 100 ರೂಪಾಯಿ. ಆ ನಂಬರು, ತೂಕ, ತುಂಬಿದ ದಿನ, ಬೆಲೆ, ವಿಳಾಸ ಲೇಬಲ್ ಮೇಲೆ ಇರಲಿ.

ಹಾಗಾದ್ರೆ ನಾವು ಏನು ಮಾಡ್ತೀವಿ? ಕಾಲ ನೋಡಿ ಹಂಚ್ತೀವಿ. ಫೆಬ್ರವರಿಯಿಂದ ಮೇವರೆಗೆ ಎಳನೀರಿಗೆ ಬೇಡಿಕೆ ಜಾಸ್ತಿ, ರಸ್ತೆ ಪಕ್ಕದ ಮರಗಳ ಏಳನೇ ಗೊನೆ ಅಂಗಡಿಗೆ. ಅದೇ ತಿಂಗಳುಗಳಲ್ಲಿ ಬಿಸಿಲೂ ಜೋರು, ಬಲಿತ ಗೊನೆ ಹೋಳಾಗಿ ಎಣ್ಣೆಗೆ. ಮಳೆ ಹಿಡಿದ ಮೇಲೆ ಎಳನೀರು ಕೇಳೋರೂ ಕಡಿಮೆ, ಹೋಳೂ ಒಣಗಲ್ಲ. ಆಗ ಎಲ್ಲಾ ಗೊನೆಯೂ ಬಲಿಯೋಕೆ ಬಿಟ್ಟು ಅಟ್ಟಕ್ಕೆ. ಎಣ್ಣೆಗೆ ಎಷ್ಟು ಕಾಯಿ ಅನ್ನೋದನ್ನು ಮೊದಲೇ ಬಂದ ಆರ್ಡರ್ ನೋಡಿ ನಿರ್ಧಾರ ಮಾಡ್ತೀವಿ, ಗಾಣ ಆಡಿಸಿ ಆಮೇಲೆ ಗಿರಾಕಿ ಹುಡುಕಲ್ಲ.

ಈ ಬೇಸಿಗೆಗೆ ಒಂದು ಹೊಸ ಪ್ರಯತ್ನ ಇದೆ. ನಮ್ಮ ಬೀದಿಯ ಮೂರು ಮನೆಯವರು ಒಂದೇ ದಿನ ಮರ ಹತ್ತಿಸೋದು ಅಂತ ಮಾತಾಗಿದೆ. ಮೂರು ಮನೆಯದೂ ಸೇರಿದರೆ ಒಂದು ಟಾಟಾ ಏಸ್ ತುಂಬುತ್ತೆ. ಆಗ ವ್ಯಾಪಾರಿ ಕಾಯಿಗೆ ಎಷ್ಟು ಹೇಳ್ತಾನೆ, ಮದ್ದೂರಿಗೇ ಒಯ್ದರೆ ಎಷ್ಟು ಉಳಿಯುತ್ತೆ, ಎರಡರ ಲೆಕ್ಕವನ್ನೂ ಮುಂದಿನ ವಿಡಿಯೋದಲ್ಲಿ ಹಾಕ್ತೀನಿ. ನಿಮ್ಮೂರಲ್ಲಿ ಮರ ಹತ್ತಿಸೋಕೆ ಎಷ್ಟು ಕೊಡ್ತೀರಿ, ಎಳನೀರು ತೋಟದಲ್ಲೇ ಎಷ್ಟಕ್ಕೆ ಹೋಗ್ತಿದೆ, ತಿಳಿಸಿ.