ಬಂದ ಬಡ್ಡಿಯೆಲ್ಲಾ ಉಣ್ಣುವ ಬಡ್ಡಿಯಲ್ಲ

ವೇದಿಕೆಯ ಮೇಲಿರುವ ಹಿರಿಯರೇ, ಬೇರೆ ಬೇರೆ ಬಸ್ ಡಿಪೋಗಳಿಂದ ಬಂದಿರುವ ಅಣ್ಣಂದಿರೇ, ಜೊತೆಗೆ ಬಂದಿರುವ ಅಕ್ಕಂದಿರೇ, ಎಲ್ಲರಿಗೂ ನಮಸ್ಕಾರ.

ಮೇ 31ಕ್ಕೆ ನಮ್ಮ ಕಡೆ ಎಷ್ಟು ಜನ ಒಟ್ಟಿಗೆ ನಿವೃತ್ತಿ ಆಗುತ್ತಾರೆ ಅಂತ ನಿಮಗೆ ಗೊತ್ತು. ಶಾಲೆಗೆ ಸೇರಿಸುವಾಗ ಮಾಸ್ತರು ಎಲ್ಲರಿಗೂ ಹುಟ್ಟಿದ ದಿನ ಜೂನ್ 1 ಅಂತ ಬರೆದುಬಿಟ್ಟರು. ಹಾಗಾಗಿ ಜೂನ್ ತಿಂಗಳು ಬಂತೆಂದರೆ ನಾನು ಕೆಲಸ ಮಾಡುತ್ತಿದ್ದ ಪೋಸ್ಟ್ ಆಫೀಸಿನ ಕೌಂಟರಿಗೆ ಚೆಕ್ ಹಿಡಿದುಕೊಂಡು ಬರುವವರ ಸಾಲು. ಇವತ್ತು ಈ ಸಭೆ ಮೇ ತಿಂಗಳಲ್ಲೇ ಇಟ್ಟಿದ್ದು ಬಹಳ ಒಳ್ಳೆಯದಾಯಿತು. ಚೆಕ್ ಕೈಗೆ ಬರುವ ಮೊದಲೇ ಮಾತಾಡಬೇಕು. ಬಂದ ಮೇಲೆ ಕೇಳುವ ಮನಸ್ಸು ಯಾರಿಗೂ ಇರುವುದಿಲ್ಲ.

ಮೊದಲು ಒಂದು ಮಾತು. ಪಕ್ಕದ ಮನೆಯ ಮೇಷ್ಟ್ರ ಪೆನ್ಷನ್ ನೋಡಿ ನಿಮ್ಮ ಲೆಕ್ಕ ಹಾಕಬೇಡಿ. ಹಳೆ ಪೆನ್ಷನ್ ಇರುವ ಸರ್ಕಾರಿ ನೌಕರರಿಗೆ ತುಟ್ಟಿಭತ್ಯೆ ಸೇರುತ್ತದೆ, ಬೆಲೆ ಏರಿದ ಹಾಗೆ ಪೆನ್ಷನ್ನೂ ಸ್ವಲ್ಪ ಏರುತ್ತದೆ. ಸಾರಿಗೆ ನೌಕರರಿಗೆ ಬರುವುದು ಪಿಎಫ್ ಕಚೇರಿ ಕೊಡುವ ಇಪಿಎಸ್-95 ಪೆನ್ಷನ್. ಅದಕ್ಕೆ ತುಟ್ಟಿಭತ್ಯೆ ಇಲ್ಲ. 58ಕ್ಕೆ 3,200 ಅಂತ ಶುರುವಾದರೆ 78ಕ್ಕೂ ಅದೇ 3,200. ಅಂದರೆ ಬೆಲೆ ಏರಿಕೆಯ ಭಾರ ಪೂರ್ತಿ ಬೀಳುವುದು ನಿಮ್ಮ ಪಿಎಫ್, ಗ್ರಾಚ್ಯುಟಿ ಸೇರಿಸಿದ ಗಂಟಿನ ಮೇಲೆ. ನಾನು ಇವತ್ತು ಹೇಳುವುದೆಲ್ಲಾ ಆ ಗಂಟಿನ ಬಗ್ಗೆಯೇ.

ಒಬ್ಬ ಕಂಡಕ್ಟರ್ ಅಣ್ಣನ ಕತೆ ಹೇಳುತ್ತೇನೆ. ಸ್ವಲ್ಪ ಉದ್ದ ಇದೆ, ಆದರೆ ಲೆಕ್ಕ ಎಲ್ಲಾ ಅದರಲ್ಲೇ ಇದೆ. ಗಂಡ ಹೆಂಡತಿ ಇಬ್ಬರೂ ಬಂದಿದ್ದರು. ಕೈಯಲ್ಲಿ 28 ಲಕ್ಷ. ಸ್ವಂತ ಮನೆ, ಮಗಳ ಮದುವೆ ಮುಗಿದಿತ್ತು, ಮಗ ಸೋಲಾಪುರದಲ್ಲಿ ಕೆಲಸಕ್ಕಿದ್ದ. ಅವರು ಹೇಳಿದ್ದು ಇಷ್ಟೇ: "ಸರ, ಅಷ್ಟೂ ರೊಕ್ಕ ಹಿರಿಯ ನಾಗರಿಕರ ಸ್ಕೀಮಿನಾಗ ಹಾಕಿಬಿಡ್ರಿ. ಬಡ್ಡಿ ಮ್ಯಾಲ ಬದುಕ್ತೀವಿ."

ಮೇಲ್ನೋಟಕ್ಕೆ ತಪ್ಪೇನಿಲ್ಲ. ಈ ಯೋಜನೆಯಲ್ಲಿ ಒಬ್ಬರು 30 ಲಕ್ಷದವರೆಗೆ ಇಡಬಹುದು, ಬಡ್ಡಿ ಶೇಕಡಾ 8.2. 28 ಲಕ್ಷಕ್ಕೆ ಮೂರು ತಿಂಗಳಿಗೊಮ್ಮೆ 57,400 ರೂಪಾಯಿ. ತಿಂಗಳಿಗೆ ಹತ್ತಿರ ಹತ್ತಿರ 19,000. ಪೆನ್ಷನ್ ಸೇರಿ 22,000 ದಾಟಿತು. ಅಣ್ಣನ ಮುಖದಲ್ಲಿ ಖುಷಿ. ನಾನು ಅಕ್ಕನವರನ್ನು ಕೇಳಿದೆ, ಮನೆ ಖರ್ಚು ಎಷ್ಟಾಗುತ್ತದೆ ಅಂತ. ಅವರು ಚೀಲದಿಂದ ಒಂದು ಹಳೆ ಡೈರಿ ತೆಗೆದರು. ಜೋಳ, ಹಾಲು, ಕಿರಾಣಿ, ಗ್ಯಾಸ್, ಕರೆಂಟು, ಬಿಪಿ ಗುಳಿಗೆ, ಮೊಮ್ಮಕ್ಕಳು ಬಂದಾಗಿನ ಖರ್ಚು, ಎಲ್ಲಾ ಗೆರೆ ಎಳೆದು ಬರೆದಿದ್ದರು. ಕೂಡಿಸಿದರೆ 15,200. ನೋಡಿ, ಬೇಕಿದ್ದದ್ದು 15,200, ಬರುವುದು 22,000. ಮಿಕ್ಕಿದ್ದು ಎಲ್ಲಿಗೆ ಹೋಗುತ್ತದೆ? ಉಳಿಯುತ್ತದೆ ಅಂದುಕೊಳ್ಳಬೇಡಿ. ಒಂದೇ ವರ್ಷದಲ್ಲಿ ಖರ್ಚು ಬೆಳೆದು 22,000 ಮುಟ್ಟುತ್ತದೆ. ಯಾರಿಗೋ ಕೈಗಡ, ಯಾರದೋ ಮನೆಯ ಕಾರ್ಯ, ಒಂದು ಹೊಸ ಕೂಲರ್.

ಬಡ್ಡಿ ಅಂತ ಕೈಗೆ ಬಂದದ್ದು ಪೂರ್ತಿ ನಿಮ್ಮ ಇವತ್ತಿನ ಊಟದ ದುಡ್ಡಲ್ಲ. ಅದರಲ್ಲಿ ಒಂದು ಭಾಗ ನಾಳಿನ ಬೆಲೆ ಏರಿಕೆಗೆ ಸೇರಿದ್ದು. ಬೆಲೆ ವರ್ಷಕ್ಕೆ ಶೇಕಡಾ 6ರಂತೆ ಏರುತ್ತದೆ ಅಂತ ಇಟ್ಟುಕೊಳ್ಳಿ. ಇವತ್ತಿನ 15,200ರ ಸಂಸಾರಕ್ಕೆ ಐದನೇ ವರ್ಷ 19,000 ಬೇಕು, ಎಂಟನೇ ವರ್ಷ 22,800 ಬೇಕು. ಆಗ ಗಂಟು ಪೂರ್ತಿ ಯೋಜನೆಯಲ್ಲಿದ್ದರೂ ಸಾಲದು. ದವಾಖಾನೆ ಮಾತು ಇನ್ನೂ ಬಂದೇ ಇಲ್ಲ.

ಅವತ್ತು ಕೂತು ಗಂಟನ್ನು ಹೀಗೆ ಹಂಚಿದೆವು. 15 ಲಕ್ಷ ಹಿರಿಯ ನಾಗರಿಕರ ಯೋಜನೆಗೆ. 9 ಲಕ್ಷ ಅಂಚೆ ಕಚೇರಿಯ ಮಾಸಿಕ ಆದಾಯ ಯೋಜನೆಗೆ, ಅದರ ಬಡ್ಡಿ ಶೇಕಡಾ 7.4, ಒಬ್ಬರ ಹೆಸರಲ್ಲಿ ಇಡಬಹುದಾದ ಗರಿಷ್ಠವೂ 9 ಲಕ್ಷವೇ. ಮೊದಲನೆಯದರಿಂದ ತಿಂಗಳಿಗೆ 10,250 ಬಿದ್ದಂತೆ, ಎರಡನೆಯದರಿಂದ 5,550. ಒಟ್ಟು 15,800. ಪೆನ್ಷನ್ 3,200 ಬರುವುದರಿಂದ ಮೊದಲ ವರ್ಷ ಮನೆಗೆ ತೆಗೆಯಬೇಕಾದ್ದು 12,000 ಮಾತ್ರ. ಮಿಕ್ಕ 3,800 ಹೊಸ ಆರ್‌ಡಿಗೆ. ಎರಡನೇ ವರ್ಷ ಮನೆಗೆ 900 ಜಾಸ್ತಿ, ಆರ್‌ಡಿಗೆ ಅಷ್ಟು ಕಡಿಮೆ. ಹೀಗೆ ನಾಲ್ಕು ವರ್ಷ ಉಳಿತಾಯ, ಐದನೇ ವರ್ಷದಿಂದ ಬಡ್ಡಿ ಸಾಲದು, ಆಗ ಆ ಉಳಿತಾಯದಿಂದ ತೆಗೆಯುವುದು. ಲೆಕ್ಕ ಹಾಕಿದರೆ ಎಂಟು ವರ್ಷದವರೆಗೆ ಅಸಲಿಗೆ ಕೈ ಹಾಕುವ ಅಗತ್ಯ ಬರಲಿಲ್ಲ.

ಇಲ್ಲಿ ಒಂದು ಸಣ್ಣ ವಿಷಯ, ಆದರೆ ಬಹಳ ಜನ ಎಡವುವ ಜಾಗ. ಹಿರಿಯ ನಾಗರಿಕರ ಯೋಜನೆಯ ಬಡ್ಡಿ ಮೂರು ತಿಂಗಳದ್ದು ಒಟ್ಟಿಗೆ ಬರುತ್ತದೆ. 30,750 ಒಮ್ಮೆಲೆ ಖಾತೆಗೆ ಬಿದ್ದಾಗ ಶ್ರೀಮಂತರಾದ ಹಾಗೆ ಅನಿಸುತ್ತದೆ. ಮೂರನೇ ತಿಂಗಳಲ್ಲಿ ಕಿರಾಣಿ ಅಂಗಡಿಯಲ್ಲಿ ಉದ್ರಿ ಶುರು. ಅದಕ್ಕೆ ಎರಡು ಖಾತೆ ಇರಲಿ. ಬಡ್ಡಿ ಎಲ್ಲಾ ಒಂದಕ್ಕೆ ಬೀಳಲಿ. ಅಲ್ಲಿಂದ ಮನೆ ಖರ್ಚಿನ ಖಾತೆಗೆ ತಿಂಗಳ 1ನೇ ತಾರೀಖು ಗೊತ್ತಾದ ಮೊತ್ತ ಮಾತ್ರ ಹೋಗಲಿ, ಪಗಾರ ಬಂದ ಹಾಗೆ. ಎಟಿಎಂ ಕಾರ್ಡು ಎರಡನೆಯದಕ್ಕೆ ಮಾತ್ರ.

ಇನ್ನೊಂದು. ಆ 15 ಲಕ್ಷವನ್ನು ಒಂದೇ ಖಾತೆಯಲ್ಲಿ ಇಡಲಿಲ್ಲ, 5 ಲಕ್ಷದ ಮೂರು ಖಾತೆ ಮಾಡಿಸಿದೆವು. ಯಾಕೆಂದರೆ ಈ ಯೋಜನೆಯಲ್ಲಿ ಅರ್ಧ ತೆಗೆಯುತ್ತೇನೆ ಅಂದರೆ ಆಗುವುದಿಲ್ಲ. ಮುರಿದರೆ ಖಾತೆ ಪೂರ್ತಿ ಮುರಿಯಬೇಕು. ವರ್ಷದೊಳಗೆ ಮುರಿದರೆ ಬಡ್ಡಿಯೇ ಇಲ್ಲ, ಕೊಟ್ಟ ಬಡ್ಡಿಯನ್ನೂ ಅಸಲಿನಲ್ಲಿ ಹಿಡಿಯುತ್ತಾರೆ. ಎರಡು ವರ್ಷದೊಳಗೆ ಅಸಲಿನ ಒಂದೂವರೆ ಪರ್ಸೆಂಟ್, ಆಮೇಲೆ ಒಂದು ಪರ್ಸೆಂಟ್ ಕಡಿತ. ಮೂರು ಖಾತೆ ಇದ್ದರೆ ಒಂದಕ್ಕೆ ಮಾತ್ರ ಪೆಟ್ಟು.

ಈಗ ಮಿಕ್ಕ 4 ಲಕ್ಷ. ಅದು ದವಾಖಾನೆಯದು. 50,000ದ ಎಂಟು ಎಫ್‌ಡಿ. ಅದರ ಬಡ್ಡಿ ಆರೋಗ್ಯ ವಿಮೆಯ ಪ್ರೀಮಿಯಂಗೆ. ಬಿಪಿ ಇದೆ ಅಂತ ಫಾರ್ಮಿನಲ್ಲಿ ಬರೆಸಿದೆವು. ಏಜೆಂಟ್ "ಬರೆಯಬೇಡಿ, ಪ್ರೀಮಿಯಂ ಜಾಸ್ತಿ ಆಗುತ್ತದೆ" ಅಂದರೂ ಬರೆಸಿ. ಮುಚ್ಚಿಟ್ಟದ್ದು ಗೊತ್ತಾದರೆ ಕ್ಲೇಮ್ ಬಿದ್ದುಹೋಗುತ್ತದೆ. ಬರೆಸಿದರೆ ಆ ಕಾಯಿಲೆಗೆ ಕಾಯಬೇಕಾದ ಅವಧಿ ಹೆಚ್ಚೆಂದರೆ ಮೂರು ವರ್ಷ, ಈಗಿನ ನಿಯಮದಲ್ಲಿ ಅದಕ್ಕಿಂತ ಜಾಸ್ತಿ ಇಡುವ ಹಾಗಿಲ್ಲ.

ನಾಲ್ಕನೇ ವರ್ಷ ಅಣ್ಣನಿಗೆ ಎದೆನೋವು ಬಂತು. ಆಗ ಮಗನ ಮನೆಯಲ್ಲಿದ್ದರು. ಸೋಲಾಪುರದ ಒಂದು ಖಾಸಗಿ ದವಾಖಾನೆಗೆ ಸೇರಿಸಿದರು. ಸ್ಟೆಂಟ್ ಹಾಕಿದರು, ಜೀವ ಉಳಿಯಿತು. ಬಿಲ್ 2,40,000. ವಿಮೆ 5 ಲಕ್ಷದ್ದು. ಪೂರ್ತಿ ಬರುತ್ತದೆ ಅಂತ ಎಲ್ಲರೂ ನಂಬಿದ್ದರು, ಅಲ್ವಾ? ಬಂದದ್ದು ಒಂದೂವರೆ ಲಕ್ಷ. 90,000 ಕೈಯಿಂದ ಹೋಯಿತು.

ಹೇಗೆ ಅಂತ ದಯವಿಟ್ಟು ಗಮನ ಕೊಟ್ಟು ಕೇಳಿ. ಪಾಲಿಸಿಯಲ್ಲಿ ಕೋಣೆ ಬಾಡಿಗೆ ದಿನಕ್ಕೆ ವಿಮೆ ಮೊತ್ತದ ಶೇಕಡಾ 1, ಅಂದರೆ 5,000 ಮಿತಿ ಇತ್ತು. ಮಗ ಅಪ್ಪನಿಗೆ ಅನುಕೂಲವಾಗಲಿ ಅಂತ 8,000ದ ಕೋಣೆ ಹಿಡಿದ. ಐದು ದಿನಕ್ಕೆ ಬಾಡಿಗೆ 40,000, ಅದರಲ್ಲಿ ಒಪ್ಪಿದ್ದು 25,000. ಅಷ್ಟಕ್ಕೇ ನಿಲ್ಲಲಿಲ್ಲ. ಡಾಕ್ಟರ್ ಫೀಸು, ಆಪರೇಷನ್ ಕೋಣೆಯ ಖರ್ಚು, ನರ್ಸಿಂಗ್, ಇವೆಲ್ಲಾ 1,00,000 ಆಗಿತ್ತು. ಕೋಣೆ ದುಬಾರಿ ಆದದ್ದಕ್ಕೆ ಇವನ್ನೂ ಅದೇ ಪ್ರಮಾಣದಲ್ಲಿ, ಎಂಟರಲ್ಲಿ ಐದು ಪಾಲಿಗೆ ಇಳಿಸಿದರು. 62,500 ಆಯಿತು. ಸ್ಟೆಂಟ್, ಔಷಧಿ, ಪರೀಕ್ಷೆಗಳ 1,00,000ಕ್ಕೆ ಮಾತ್ರ ಈ ಕಡಿತ ಇಲ್ಲ. ಒಟ್ಟು ಒಪ್ಪಿದ್ದು 1,87,500. ಅದರ ಮೇಲೆ ಪಾಲಿಸಿಯಲ್ಲಿ ಶೇಕಡಾ 20 ಕೋಪೇ, ಅಂದರೆ ಅಷ್ಟು ಪಾಲು ನಾವೇ ಕೊಡಬೇಕು. ಅದು 37,500. ಉಳಿದದ್ದು 1,50,000.

5,000ದ ಕೋಣೆ ಹಿಡಿದಿದ್ದರೆ? ಅದೇ ಚಿಕಿತ್ಸೆ, ಅದೇ ಡಾಕ್ಟರ್. ಬಿಲ್ 2,25,000, ಕೈಯಿಂದ ಹೋಗುತ್ತಿದ್ದದ್ದು 45,000. ಅರ್ಧಕ್ಕೆ ಅರ್ಧ! ಆದ್ದರಿಂದ ನಿಮ್ಮ ಪಾಲಿಸಿಯ ಕೋಣೆ ಮಿತಿಯನ್ನು ನಿಮಗಲ್ಲ, ನಿಮ್ಮ ಮಕ್ಕಳಿಗೆ ಹೇಳಿಡಿ. ಅಡ್ಮಿಟ್ ಆಗುವ ದಿನ ಕೋಣೆ ಆರಿಸುವವರು ಅವರು. ಇನ್ನು ಹೊಸದಾಗಿ ಪಾಲಿಸಿ ಮಾಡಿಸುವವರು ಬಾಡಿಗೆ ಮಿತಿ ಇಲ್ಲದ್ದು, ಕೋಪೇ ಕಡಿಮೆ ಇರುವುದು ಸಿಗುತ್ತದಾ ಅಂತ ಮೊದಲು ನೋಡಿ. ಪ್ರೀಮಿಯಂ ಆಮೇಲೆ ನೋಡಿ. ಪಾಲಿಸಿ ಕೈಗೆ ಬಂದ ಮೇಲೆ 30 ದಿನ ಓದಿ ನೋಡಲು ಸಮಯ ಇದೆ, ಬೇಡವಾದರೆ ವಾಪಸ್ ಕೊಡಬಹುದು.

ಆ 90,000ಕ್ಕೆ ಎರಡು ಎಫ್‌ಡಿ ಮುರಿದರು, ಹಿರಿಯ ನಾಗರಿಕರ ಖಾತೆ ಒಂದೂ ಮುಟ್ಟಲಿಲ್ಲ. ಆ ಎರಡು ಎಫ್‌ಡಿ ಮತ್ತೆ ತುಂಬಿಸಿದ್ದು ಎಲ್ಲಿಂದ? ಮೂರು ವರ್ಷದಲ್ಲಿ ಆರ್‌ಡಿಯಲ್ಲಿ ಕೂಡಿದ್ದ ಒಂದು ಲಕ್ಷದಿಂದ. ಬಡ್ಡಿ ಪೂರ್ತಿ ಉಂಡಿದ್ದರೆ ಅದು ಇರುತ್ತಿತ್ತಾ? ಹೌದು, ಎಂಟು ವರ್ಷದ ಲೆಕ್ಕ ಆರಕ್ಕೆ ಇಳಿಯಿತು. ಇಳಿಯಲಿ. ಸಾಲ ಮಾಡಲಿಲ್ಲ, ಅಕ್ಕನವರ ಬಂಗಾರ ಅಡ ಇಡಲಿಲ್ಲ.

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ, ಇನ್ನು ಬೇಗ ಹೇಳುತ್ತೇನೆ.

ಆಮೇಲಿನ ವರ್ಷಗಳಲ್ಲಿ ಅಸಲಿಗೆ ಕೈ ಹಾಕಲು ಹೆದರಬೇಡಿ. ಹಿರಿಯ ನಾಗರಿಕರ ಖಾತೆ ಐದು ವರ್ಷದ್ದು, ಮುಗಿದ ಮೇಲೆ ಮೂರು ಮೂರು ವರ್ಷ ಮುಂದುವರಿಸಬಹುದು. ಪ್ರತಿ ಸಲ ಮುಂದುವರಿಸುವಾಗ ಒಂದು ಖಾತೆಯನ್ನು ಬಿಡಿಸಿಕೊಂಡು ಮನೆ ಖರ್ಚಿಗೆ ಇಟ್ಟುಕೊಳ್ಳಿ. ಮಕ್ಕಳಿಗೆ ಗಂಟು ಉಳಿಸಲು ನೀವು ಹಾಲು ಕಡಿಮೆ ಮಾಡಬೇಕಿಲ್ಲ.

ಗುಳಿಗೆಗಳಿಗೆ ಜನೌಷಧಿ ಕೇಂದ್ರಕ್ಕೆ ಹೋಗಿ. ಚೀಟಿಯಲ್ಲಿ ಔಷಧಿಯ ಮೂಲ ಹೆಸರು ಬರೆದುಕೊಡಿ ಅಂತ ಡಾಕ್ಟರನ್ನೇ ಕೇಳಿ. ಹೃದಯದ ಚಿಕಿತ್ಸೆಗೆ ಈಗ ನಮ್ಮ ಕಲಬುರಗಿಯಲ್ಲೇ ಜಯದೇವ ಆಸ್ಪತ್ರೆ ಇದೆ. ಸೋಲಾಪುರ, ಹೈದರಾಬಾದ್ ಅಂತ ಓಡುವ ಮೊದಲು ಅಲ್ಲಿ ವಿಚಾರಿಸಿ. ಜೊತೆಗಿರುವವರ ಊಟ, ವಸತಿ, ಗಾಡಿ ಬಾಡಿಗೆ ಯಾವ ಸಾಮಾನ್ಯ ಪಾಲಿಸಿಯಲ್ಲೂ ಬರುವುದಿಲ್ಲ.

ಕೊನೆಗೆ ಅಕ್ಕಂದಿರಿಗೆ. ಇಪಿಎಸ್‌ನಲ್ಲಿ ಯಜಮಾನರ ನಂತರ ನಿಮಗೆ ಬರುವುದು ಸಾಮಾನ್ಯವಾಗಿ ಅರ್ಧ. 3,200 ಇದ್ದದ್ದು 1,600. ಅದಕ್ಕೇ ಮಾಸಿಕ ಆದಾಯದ ಖಾತೆ ಜಂಟಿಯಾಗಿರಲಿ, ಹಿರಿಯ ನಾಗರಿಕರ ಖಾತೆಯಲ್ಲೂ ನಿಮ್ಮ ಹೆಸರಿರಲಿ. ಪೆನ್ಷನ್ ಆದೇಶದ ಪ್ರತಿ ಮನೆಯಲ್ಲಿ ಇರುತ್ತದೆ, ಅದರಲ್ಲಿರುವ ನಿಮ್ಮ ಹೆಸರು ಮತ್ತು ಆಧಾರಿನ ಹೆಸರು ಇವತ್ತು ಸಂಜೆಯೇ ಪಕ್ಕ ಪಕ್ಕ ಇಟ್ಟು ನೋಡಿ. ಒಂದರಲ್ಲಿ ತವರಿನ ಹೆಸರು, ಇನ್ನೊಂದರಲ್ಲಿ ಮದುವೆಯ ನಂತರದ ಹೆಸರು ಇದ್ದರೆ ಯಜಮಾನರು ಇರುವಾಗಲೇ ತಿದ್ದಿಸಲು ಅರ್ಜಿ ಕೊಡಿ. ಊಟದ ಹೊತ್ತಿಗೆ ನಾನು ಇಲ್ಲೇ ಇರುತ್ತೇನೆ, ಪಾಸ್‌ಬುಕ್ ತಂದವರು ಬನ್ನಿ, ಕೂತು ನೋಡೋಣ. ನಮಸ್ಕಾರ.