ಎಕ್ಸ್‌ಪೈರಿಗೆ ಮೂರು ವಾರ ಇರುವಾಗಲೇ

ಕೇಳುಗರಿಗೆ ನಮಸ್ಕಾರ. ಆಪ್ಷನ್ ಮಾರಿ ಪ್ರೀಮಿಯಂ ಗಳಿಸುವವರು ಆ ವ್ಯವಹಾರದಿಂದ ಯಾವತ್ತು ಹೊರಗೆ ಬರಬೇಕು, ಇವತ್ತು ಅದೊಂದನ್ನೇ ಮಾತಾಡೋಣ.

ಅಮೆರಿಕದ ಷಿಕಾಗೋದ ಟೇಸ್ಟಿಟ್ರೇಡ್ ಎಂಬ ಬ್ರೋಕರ್ ಸಂಸ್ಥೆಯವರು ಒಂದು ಪದ್ಧತಿಯನ್ನು ಜನಪ್ರಿಯಗೊಳಿಸಿದರು. ಎಕ್ಸ್‌ಪೈರಿಗೆ ಸುಮಾರು 45 ದಿನ ಇರುವಾಗ ಆಪ್ಷನ್ ಮಾರುವುದು, 21 ದಿನ ಉಳಿದಾಗ ಲಾಭವೋ ನಷ್ಟವೋ ನೋಡದೆ ಮುಗಿಸುವುದು, ಇಲ್ಲವೇ ಮುಂದಿನ ತಿಂಗಳಿಗೆ ರೋಲ್ ಮಾಡುವುದು. ಇದನ್ನು ನಮ್ಮ ನಿಫ್ಟಿಗೆ ಹಚ್ಚಿ ನೋಡೋಣ. ನಾನು ಹೇಳುವ ಬೆಲೆಗಳು ಸೂತ್ರ ಹಾಕಿ ತೆಗೆದ ಅಂದಾಜು. ಪೇಟೆಯಲ್ಲಿ ಸ್ವಲ್ಪ ಆಚೀಚೆ ಇರುತ್ತವೆ.

ನಿಫ್ಟಿ ಫ್ಯೂಚರ್ 25,000ದಲ್ಲಿದೆ. ನೀವು 45 ದಿನ ಇರುವ, 24,000ದ ಸ್ಟ್ರೈಕಿನ ಪುಟ್ ಮಾರಿದಿರಿ. ಅಂದರೆ ಎಕ್ಸ್‌ಪೈರಿಯಂದು ನಿಫ್ಟಿ 24,000ಕ್ಕಿಂತ ಕೆಳಗಿದ್ದರೆ ಆ ವ್ಯತ್ಯಾಸ ನಾನು ಕೊಡುತ್ತೇನೆ ಎಂದು ಒಪ್ಪಿಕೊಂಡಿರಿ. ಅದಕ್ಕೆ ಕೈಗೆ ಬಂದ ಪ್ರೀಮಿಯಂ ಸುಮಾರು 115 ಪಾಯಿಂಟ್. ಪೇಟೆ ಅಲುಗಾಡದೆ 24 ದಿನ ಕಳೆದರೆ, 21 ದಿನ ಉಳಿದಾಗ ಅದೇ ಪುಟ್ 37ರ ಆಸುಪಾಸಿಗೆ ಬಂದಿರುತ್ತದೆ. ಮೂರರಲ್ಲಿ ಎರಡು ಪಾಲು ಆಗಲೇ ನಿಮ್ಮದಾಯಿತು. ಆಪ್ಷನ್ ಕರಗುವುದೆಲ್ಲ ಕೊನೆಯ ವಾರದಲ್ಲೇ ಅಂತ ಬಹಳ ಜನ ಹೇಳುತ್ತಾರೆ. ಪೇಟೆ ಎಲ್ಲಿದೆಯೋ ಅಲ್ಲೇ ಇರುವ ಸ್ಟ್ರೈಕಿನ ಬೆಲೆ ಕೊನೆಯ ವಾರದಲ್ಲಿ ಜೋರಾಗಿ ಕರಗುವುದು ನಿಜ. ದೂರದ ಸ್ಟ್ರೈಕಿನ ಬೆಲೆ ಬಹುಪಾಲು ಮೊದಲೇ ಕರಗಿರುತ್ತದೆ.

ಉಳಿದ 37 ಪಾಯಿಂಟಿಗೆ ಇನ್ನೂ ಮೂರು ವಾರ ಕಾಯಬೇಕು, ಮಾರ್ಜಿನ್ ಹಣ ಅಷ್ಟೂ ದಿನ ಸಿಕ್ಕಿಕೊಂಡಿರುತ್ತದೆ. ಅಪಾಯವೂ ಇದೆ. ನಾಲ್ಕೇ ದಿನ ಉಳಿದಿದೆ, ಪೇಟೆ 24,400ರಲ್ಲಿದೆ ಎನ್ನಿ. ಪುಟ್ ಬೆಲೆ 28. ಬೆಳಿಗ್ಗೆ ಪೇಟೆ 500 ಪಾಯಿಂಟ್ ಕೆಳಗೆ ತೆರೆದರೆ ಅದೇ ಪುಟ್ 200 ದಾಟುತ್ತದೆ. 28 ಸಿಗಲಿ ಅಂತ 170ಕ್ಕೂ ಹೆಚ್ಚು ಪಣಕ್ಕಿಟ್ಟ ಹಾಗಾಯಿತು. 21 ದಿನ ಇರುವಾಗಲೂ 500 ಕುಸಿದರೆ ಪೆಟ್ಟು ಇಷ್ಟೇ ದೊಡ್ಡದು, ಆದರೆ ಆಗ ಮುಂದೆ ಸಿಗಬೇಕಾದದ್ದೂ ದೊಡ್ಡದಿರುತ್ತದೆ, ಸರಿಪಡಿಸಿಕೊಳ್ಳಲು ದಿನಗಳೂ ಇರುತ್ತವೆ. ನಾನೇ ಒಮ್ಮೆ ಕೊನೆಯ ಹದಿನೈದು ಪಾಯಿಂಟಿಗೆ ಆಸೆಪಟ್ಟು, ಇಡೀ ತಿಂಗಳ ಗಳಿಕೆಯನ್ನು ಒಂದು ಬೆಳಗಿನಲ್ಲಿ ಕೊಟ್ಟು ಬಂದವನು.

ಈಗ ಕಷ್ಟದ ಸಂದರ್ಭ. ಎಕ್ಸ್‌ಪೈರಿಗೆ 21 ದಿನ ಉಳಿದಿದೆ, ಪೇಟೆ 24,400ಕ್ಕೆ ಇಳಿದಿದೆ, ಭಯಕ್ಕೆ ಪ್ರೀಮಿಯಂಗಳು ಉಬ್ಬಿವೆ. 115ಕ್ಕೆ ಮಾರಿದ ಪುಟ್ 185 ಆಗಿದೆ. ನಷ್ಟ 70 ಪಾಯಿಂಟ್. ಲಾಟಿಗೆ 65ರ ಲೆಕ್ಕದಲ್ಲಿ 4,550 ರೂಪಾಯಿ. ನಿಯಮದ ಪ್ರಕಾರ ಇದನ್ನು ಕೊಂಡು ಮುಚ್ಚಬೇಕು. ರೋಲ್ ಮಾಡುವುದಾದರೆ ಅದೇ ಹೊತ್ತಿಗೆ ಮುಂದಿನ ತಿಂಗಳ, 49 ದಿನದ ಪುಟ್ ಮಾರಬೇಕು. 23,600ರ ಪುಟ್ಟಿಗೆ ಸುಮಾರು 195 ಸಿಗುತ್ತದೆ. ಕೈಗೆ ಹತ್ತು ಪಾಯಿಂಟ್ ಬಂತು, ಸ್ಟ್ರೈಕ್ 400 ಪಾಯಿಂಟ್ ಕೆಳಗೆ ಸರಿಯಿತು. ಇನ್ನೂ ಕೆಳಗೆ, 23,500ಕ್ಕೆ ಹೋದರೆ 172 ಮಾತ್ರ, ಅಲ್ಲಿಗೆ 13 ಪಾಯಿಂಟ್ ಕೈಯಿಂದ ಹಾಕಬೇಕು. ರೋಲ್ ಮಾಡಲು ಕೈಯಿಂದ ಹಾಕಬೇಕಾಗಿ ಬಂದರೆ ನಾನು ಮುಚ್ಚಿ ಸುಮ್ಮನಿರುತ್ತೇನೆ.

ರೋಲ್ ಮಾಡಿದ್ದರಿಂದ ನಷ್ಟ ಅಳಿಸಿಹೋಗುವುದಿಲ್ಲ. 4,550 ಹೋಗಿದೆ, ಖಾತೆಯಲ್ಲಿ ಬರೆದೂ ಆಗಿದೆ. ಹೊಸದು ಹೊಸ ವ್ಯಾಪಾರವೇ. ಕೈ ಖಾಲಿ ಇದ್ದಿದ್ದರೆ ಇವತ್ತು ಈ 23,600ರ ಪುಟ್ ಮಾರುತ್ತಿದ್ದೆನಾ ಅಂತ ಕೇಳಿಕೊಳ್ಳಿ. ಇಲ್ಲ ಅನ್ನಿಸಿದರೆ ರೋಲ್ ಬೇಡ. ಮೂರು ತಿಂಗಳು ರೋಲ್ ಮೇಲೆ ರೋಲ್ ಮಾಡಿ, ಪ್ರತಿಸಲ ಲಾಟ್ ಹೆಚ್ಚಿಸಿದವರ ಕಥೆ ಕೇಳಿದ್ದೇನೆ. ಅದು ಈ ನಿಯಮದ ಹೆಸರಿನಲ್ಲಿ ನಡೆಯುವ ಬೇರೆಯೇ ಆಟ.

ನಿಯಮಕ್ಕೂ ಬೆಲೆ ಇದೆ. ಮೇಲಿನ ಉದಾಹರಣೆಯಲ್ಲಿ ಪೇಟೆ 24,400ರಲ್ಲೇ ನಿಂತುಬಿಟ್ಟರೆ ನೀವು 185 ಕೊಟ್ಟು ಮುಚ್ಚಿದ ಪುಟ್ ಸೊನ್ನೆಯಾಗುತ್ತದೆ. ಹೊಟ್ಟೆ ಉರಿಯುತ್ತದೆ. ಬೇಗ ಹೊರಗೆ ಬರುವವನಿಗೆ ಇಂಥ ತಿಂಗಳುಗಳು ಬಂದೇ ಬರುತ್ತವೆ, ಬ್ರೋಕರೇಜೂ ಹೆಚ್ಚು ಸಲ ಬೀಳುತ್ತದೆ. ಅವನಿಗೆ ಸಿಗುವುದು ಇಷ್ಟೇ: ಏರಿಳಿತ ಸಣ್ಣದಾಗುತ್ತದೆ, ಎಕ್ಸ್‌ಪೈರಿ ದಿನ ಸೆಬಿ ವಿಧಿಸಿರುವ ಶೇಕಡ 2ರ ಹೆಚ್ಚುವರಿ ಮಾರ್ಜಿನ್ ಕೂಡ ಅವನನ್ನು ಮುಟ್ಟುವುದಿಲ್ಲ.

ದಿನ ಎಣಿಸುವುದು ಸುಲಭ. ನಿಫ್ಟಿಯ ತಿಂಗಳ ಎಕ್ಸ್‌ಪೈರಿ ಈಗ ತಿಂಗಳ ಕೊನೆಯ ಮಂಗಳವಾರ. 21 ದಿನ ಅಂದರೆ ಸರಿಯಾಗಿ ಮೂರು ವಾರ, ಹಾಗಾಗಿ ಮುಚ್ಚುವ ದಿನವೂ ಮಂಗಳವಾರವೇ. ಆಪ್ಷನ್ ಮಾರಿದ ದಿನವೇ ಕ್ಯಾಲೆಂಡರಿನಲ್ಲಿ ಆ ಮಂಗಳವಾರಕ್ಕೆ ಸುತ್ತು ಹಾಕಿ. ರಜೆ ಬಂದರೆ ಹಿಂದಿನ ದಿನವೇ ಮುಗಿಸಿ. ಬೆಳಿಗ್ಗೆ ಒಂಬತ್ತೂಕಾಲಿಗೆ ಪೇಟೆ ತೆರೆದ ತಕ್ಷಣ ಮಾತ್ರ ಕೈ ಹಾಕಬೇಡಿ, ಮುಂದಿನ ತಿಂಗಳ ಸ್ಟ್ರೈಕುಗಳಲ್ಲಿ ಕೊಳ್ಳುವ ಬೆಲೆಗೂ ಮಾರುವ ಬೆಲೆಗೂ ಆಗ ಬಹಳ ಅಂತರವಿರುತ್ತದೆ. ಹತ್ತು ಗಂಟೆ ದಾಟಲಿ, ಲಿಮಿಟ್ ಆರ್ಡರ್ ಹಾಕಿ. ನಮಸ್ಕಾರ.