ಕ್ರಿಯಾಪದವೇ ಇಲ್ಲದ ಮರಾಠಿ ತಲೆಬರಹ ಓದೋದು ಹೇಗೆ?

ಎಲ್ಲರಿಗೂ ನಮಸ್ಕಾರ. ಇದು ಡೊಂಬಿವಲಿ ಸ್ಟೇಷನ್ನಿನ ಹೊರಗಿರುವ ಪೇಪರ್ ಅಂಗಡಿ. ಲೋಕಸತ್ತಾ, ಮಹಾರಾಷ್ಟ್ರ ಟೈಮ್ಸ್, ಸಕಾಳ್, ಲೋಕಮತ್ ಎಲ್ಲ ಸಾಲಾಗಿ ಇವೆ ನೋಡಿ. ಮುಂಬೈಗೆ ಬಂದ ಕನ್ನಡಿಗರಿಗೆ ಈ ಲಿಪಿ ದೊಡ್ಡ ತೊಂದರೆ ಅಲ್ಲ, ಶಾಲೆಯಲ್ಲಿ ಹಿಂದಿ ಕಲಿತವರು ಅಕ್ಷರ ಓದುತ್ತಾರೆ. ತರಕಾರಿ ಅಂಗಡಿಯಲ್ಲಿ ಮರಾಠಿ ಮಾತೂ ಆಡುತ್ತಾರೆ. ಆದರೆ ತಲೆಬರಹ ಮಾತ್ರ ಅರ್ಥ ಆಗೋದಿಲ್ಲ. ಒಂದೊಂದು ಪದವೂ ಗೊತ್ತಿದ್ದರೂ ಯಾರು ಯಾರಿಗೆ ಏನು ಮಾಡಿದರು ಅನ್ನೋದು ಸಿಗೋದಿಲ್ಲ. ಇವತ್ತಿನ ವ್ಲಾಗ್ ಪೂರ್ತಿ ಅದರ ಬಗ್ಗೆಯೇ.

ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ತೋರಿಸುವ ತಲೆಬರಹಗಳನ್ನು ಪತ್ರಿಕೆಗಳ ಅಚ್ಚಿನಲ್ಲಿ ನಾನೇ ಕಟ್ಟಿದ್ದೇನೆ. ಅವು ಯಾವ ದಿನದ ನಿಜವಾದ ಸುದ್ದಿಯೂ ಅಲ್ಲ. ಓದಲು ಸುಲಭ ಆಗಲಿ ಅಂತ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ.

ಮಳೆಗಾಲದ ಒಂದು ತಲೆಬರಹದಿಂದ ಶುರು ಮಾಡೋಣ. ‘ಮುಸಳಧಾರ್ ಪಾವಸಾನೇ ಮುಂಬೈಚೀ ದಾಣಾದಾಣ್, ಲೋಕಲ್ ವಿಸ್ಕಳೀತ್, ಶಾಳಾಂನಾ ಸುಟ್ಟೀ’. ಧಾರಾಕಾರ ಮಳೆಗೆ ಮುಂಬೈ ದಿಕ್ಕಾಪಾಲು, ಲೋಕಲ್ ರೈಲು ಅಸ್ತವ್ಯಸ್ತ, ಶಾಲೆಗಳಿಗೆ ರಜೆ. ಇದರಲ್ಲಿ ಎಷ್ಟು ಕ್ರಿಯಾಪದ ಇವೆ ಹುಡುಕಿ. ಒಂದೂ ಇಲ್ಲ! ಮಾತಿನಲ್ಲಾದರೆ ‘ದಾಣಾದಾಣ್ ಉಡಾಲೀ’ ಅಂತಾರೆ, ‘ಲೋಕಲ್ ವಿಸ್ಕಳೀತ್ ಝಾಲೀ’ ಅಂತಾರೆ, ‘ಸುಟ್ಟೀ ಜಾಹೀರ್ ಝಾಲೀ’ ಅಂತಾರೆ. ಪತ್ರಿಕೆ ಆ ಕೊನೆಯ ಪದಗಳನ್ನು ಕತ್ತರಿಸಿಬಿಟ್ಟಿದೆ. ದಾಣಾದಾಣ್ ಜೊತೆಗೆ ‘ಉಡಾಲೀ’ ಬರುತ್ತದೆ ಅಂತ ಮರಾಠಿ ಓದುಗರಿಗೆ ಗೊತ್ತೇ ಇರುತ್ತದೆ, ಅದಕ್ಕೇ ಕತ್ತರಿಸಿದರೂ ನಡೆಯುತ್ತದೆ. ನಮ್ಮ ಕನ್ನಡ ಪತ್ರಿಕೆಗಳೂ ‘ಭಾರಿ ಮಳೆ: ಜನಜೀವನ ಅಸ್ತವ್ಯಸ್ತ’ ಅಂತ ಬರೆಯುತ್ತವೆ, ಅಲ್ವಾ? ಹಾಗಾಗಿ ಕ್ರಿಯಾಪದ ಬಿಟ್ಟಿದ್ದು ನಮಗೆ ಹೊಸದೇನಲ್ಲ. ನಾವು ಎಡವೋದು ಉಳಿದ ಪದಗಳ ಬಾಲದಲ್ಲಿ, ಅಂದರೆ ಪ್ರತ್ಯಯಗಳಲ್ಲಿ. ಕ್ರಿಯಾಪದ ಹೋದ ಮೇಲೆ ವಾಕ್ಯದ ಇಡೀ ಭಾರ ಅವುಗಳ ಮೇಲೆಯೇ ಬೀಳುತ್ತದೆ.

ನಮ್ಮ ಕಟ್ಟಡದಲ್ಲಿ ವಿಜಯಪುರದ ಕಡೆಯ ಒಬ್ಬ ಕಾಕಾ ಇದ್ದಾರೆ. ಕೆಲಸ ಮಾಡುವಷ್ಟು ಕಾಲವೂ ರೈಲಿನಲ್ಲಿ ಮರಾಠಿ ಪೇಪರ್ ಓದಿದವರು. ಅವರು ನನಗೆ ಕೊಟ್ಟ ಸೂತ್ರ ಇಷ್ಟೇ: ‘ತಂಗೀ, ಬಾಲ ಇಲ್ಲದ ಶಬ್ದ ಮೊದಲ ಹುಡುಕು. ಅದರ ಸುದ್ದೀನ ಹೇಳಾಕತ್ತಾರ.’

ಇದನ್ನು ಒಂದು ಉದ್ದದ ತಲೆಬರಹದ ಮೇಲೆ ಪರೀಕ್ಷೆ ಮಾಡೋಣ. ಪರದೆ ಮೇಲೆ ನೋಡಿ.

‘ಠಾಣ್ಯಾತೀಲ್ ಧೋಕಾದಾಯಕ್ ಇಮಾರತೀಚ್ಯಾ ದುರುಸ್ತೀಚಾ ಪ್ರಸ್ತಾವ್ ಧೂಳ್ ಖಾತ್’.

ಎಡದಿಂದ ಓದುತ್ತಾ ಹೋದರೆ ಠಾಣೆ, ಅಪಾಯಕಾರಿ, ಕಟ್ಟಡ, ದುರಸ್ತಿ ಅಂತ ಸಿಗುತ್ತದೆ. ಕಟ್ಟಡ ದುರಸ್ತಿ ಆಯಿತೇನೋ ಅಂತ ಅನ್ನಿಸಿಬಿಡುತ್ತದೆ. ಈಗ ಕಾಕಾ ಹೇಳಿದಂತೆ ಹುಡುಕೋಣ. ಠಾಣ್ಯಾತೀಲ್, ಇದಕ್ಕೆ ‘ತೀಲ್’ ಬಾಲ ಇದೆ, ಅಂದರೆ ಠಾಣೆಯಲ್ಲಿರುವ. ಧೋಕಾದಾಯಕ್ ಬರೀ ವಿಶೇಷಣ, ಕಟ್ಟಡಕ್ಕೆ ಅಂಟಿದ್ದು. ಇಮಾರತೀಚ್ಯಾ, ಇದಕ್ಕೆ ‘ಚ್ಯಾ’. ದುರುಸ್ತೀಚಾ, ಇದಕ್ಕೆ ‘ಚಾ’. ಪ್ರಸ್ತಾವ್, ಇದಕ್ಕೆ ಏನೂ ಇಲ್ಲ. ಸಿಕ್ಕಿತು! ಸುದ್ದಿ ಪ್ರಸ್ತಾವದ್ದು. ಆ ಪ್ರಸ್ತಾವಕ್ಕೆ ಏನಾಗಿದೆ? ‘ಧೂಳ್ ಖಾತ್’, ಧೂಳು ತಿನ್ನುತ್ತಾ. ಅದರ ಮುಂದಿನ ‘ಪಡಲಾ ಆಹೇ’, ಅಂದರೆ ಬಿದ್ದಿದೆ ಅನ್ನೋದನ್ನು ಬಿಟ್ಟಿದ್ದಾರೆ. ಒಟ್ಟಿನಲ್ಲಿ ಠಾಣೆಯ ಅಪಾಯಕಾರಿ ಕಟ್ಟಡದ ದುರಸ್ತಿ ಪ್ರಸ್ತಾವ ಧೂಳು ತಿನ್ನುತ್ತಿದೆ. ದುರಸ್ತಿ ಆಗಿಲ್ಲ. ಆ ಕಟ್ಟಡದಲ್ಲಿ ಇರುವವರಿಗೆ ಇದು ಪೂರ್ತಿ ಉಲ್ಟಾ ಸುದ್ದಿ.

ಇಲ್ಲಿ ಚಾ ಮತ್ತು ಚ್ಯಾ ನಡುವಿನ ವ್ಯತ್ಯಾಸಕ್ಕೆ ಸ್ವಲ್ಪ ಹೊತ್ತು ಕೊಡಬೇಕು. ಕನ್ನಡದಲ್ಲಿ ‘ಕಟ್ಟಡದ’ ಅನ್ನೋ ರೂಪ ಒಂದೇ. ಮುಂದೆ ಯಾವ ಪದ ಬಂದರೂ ಅದು ಬದಲಾಗೋದಿಲ್ಲ. ಹಾಗಾಗಿ ನಮ್ಮ ಕಣ್ಣು ಚಾ, ಚೀ, ಚೇ, ಚ್ಯಾ ಎಲ್ಲವನ್ನೂ ಒಂದೇ ಅಂತ ದಾಟಿಕೊಂಡು ಹೋಗುತ್ತದೆ. ಮರಾಠಿಯಲ್ಲಿ ಅವು ಮುಂದಿನ ಪದವನ್ನು ನೋಡಿ ಬದಲಾಗುತ್ತವೆ. ಮುಂದಿನ ಪದ ಏಕವಚನದಲ್ಲಿದ್ದಾಗ ಪುಲ್ಲಿಂಗವಾದರೆ ಚಾ, ಸ್ತ್ರೀಲಿಂಗವಾದರೆ ಚೀ, ನಪುಂಸಕವಾದರೆ ಚೇ. ಮುಂದಿನ ಪದಕ್ಕೆ ತನ್ನದೇ ಬಾಲ ಇದ್ದರೆ ಚ್ಯಾ. ‘ದುರುಸ್ತೀ’ಗೆ ‘ಚಾ’ ಅಂಟಿದೆ, ಅದಕ್ಕೇ ಅದರ ಹಿಂದಿನ ಕಟ್ಟಡ ‘ಇಮಾರತೀಚ್ಯಾ’ ಆಯಿತು. ಆದ್ದರಿಂದ ತಲೆಬರಹದಲ್ಲಿ ಚ್ಯಾ ಕಂಡರೆ ಅಲ್ಲಿ ನಿಲ್ಲಬೇಡಿ. ಮುಖ್ಯ ಪದ ಹೆಚ್ಚಾಗಿ ಇನ್ನೂ ಮುಂದೆ ಇರುತ್ತದೆ. ಚಾ ಅಥವಾ ಚೀ ಕಂಡರೆ ಬಾಲ ಇಲ್ಲದ ಪದ ಹತ್ತಿರದಲ್ಲೇ ಇರುತ್ತದೆ. ನನಗೆ ತಲೆಬರಹ ಓದೋದು ಹಗುರ ಆಗಿದ್ದು ಈ ಒಂದು ಗುರುತಿನಿಂದ. ವ್ಯಾಕರಣ ಪುಸ್ತಕದಲ್ಲಿ ಇದು ಲಿಂಗದ ಪಾಠದಲ್ಲಿ ಬರುತ್ತದೆ. ತಲೆಬರಹ ಓದುವವರಿಗೆ ಇದು ದಾರಿ ತೋರಿಸುವ ಫಲಕ.

ಇನ್ನೊಂದು ಕಷ್ಟ ನಿಘಂಟಿನದು. ‘ಠಾಣ್ಯಾ’ ಅಂತ ನಿಘಂಟಿನಲ್ಲಿ ಹುಡುಕಿದರೆ ಸಿಗೋದಿಲ್ಲ. ಮರಾಠಿಯಲ್ಲಿ ಪ್ರತ್ಯಯ ಅಂಟುವ ಮೊದಲು ಪದದ ರೂಪವೇ ಬದಲಾಗುತ್ತದೆ. ಅದಕ್ಕೆ ‘ಸಾಮಾನ್ಯರೂಪ್’ ಅಂತಾರೆ. ಠಾಣೇ ಇದ್ದದ್ದು ಠಾಣ್ಯಾ ಆಗುತ್ತದೆ, ರಸ್ತಾ ರಸ್ತ್ಯಾ ಆಗುತ್ತದೆ, ಪಾಣೀ ಪಾಣ್ಯಾ ಆಗುತ್ತದೆ. ಪ್ರತ್ಯಯ ತೆಗೆದ ಮೇಲೆ ಪದದ ಕೊನೆಯಲ್ಲಿ ‘ಯಾ’ ಒತ್ತು ಉಳಿದರೆ ಅದನ್ನು ಕಿತ್ತುಹಾಕಿ, ಆ, ಈ, ಏ ಮೂರನ್ನೂ ಹಚ್ಚಿ ನೋಡಿ. ಸಾಮಾನ್ಯವಾಗಿ ಮೂರರಲ್ಲಿ ಒಂದು ನಿಘಂಟಿನಲ್ಲಿ ಸಿಗುತ್ತದೆ. ಮಳೆ ಮಾತ್ರ ಈ ಲೆಕ್ಕಕ್ಕೆ ಬರೋದಿಲ್ಲ. ‘ಪಾವಸಾನೇ’ಯ ಮೂಲ ‘ಪಾಊಸ್’. ಅಂಥವನ್ನು ಸುಮ್ನೆ ನೆನಪಿಟ್ಟುಕೊಳ್ಳಬೇಕು. ನಾನು ನೋಡೋದು ಮೋಲ್ಸ್‌ವರ್ತ್ ಅವರ ಮರಾಠಿ-ಇಂಗ್ಲಿಷ್ ನಿಘಂಟು. ಅದರ 1857ರ ಎರಡನೆಯ ಆವೃತ್ತಿ ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತದೆ. ಹಳೆಯ ಪದಗಳಿಗೆ ತುಂಬ ಒಳ್ಳೆಯದು. ಹಳಿ ದುರಸ್ತಿಗೆ ಲೋಕಲ್ ರೈಲು ನಿಲ್ಲಿಸುವ ‘ಮೆಗಾಬ್ಲಾಕ್’ ಅಂಥ ಹೊಸ ಪದಗಳನ್ನು ಅದರಲ್ಲಿ ಹುಡುಕಲು ಹೋಗಬೇಡಿ.

ಈಗ ಪೊಲೀಸ್ ಸುದ್ದಿ. ‘ಲಾಚ್ ಘೇತಾನಾ ತಲಾಠೀ ಜಾಳ್ಯಾತ್’. ನಮ್ಮ ಉತ್ತರ ಕರ್ನಾಟಕದವರಿಗೆ ತಲಾಠಿ ಯಾರು ಅಂತ ಹೇಳಬೇಕಾಗಿಲ್ಲ, ಉಳಿದವರಿಗೆ ಹೇಳೋದಾದರೆ ಊರಿನ ಕಂದಾಯ ಲೆಕ್ಕ ನೋಡುವ ಅಧಿಕಾರಿ. ಬಾಲ ಇಲ್ಲದ ‘ತಲಾಠೀ’ಯೇ ಸುದ್ದಿಯ ನಾಯಕ. ಜಾಳ್ಯಾತ್ ಅಂದರೆ ಬಲೆಯಲ್ಲಿ. ಮೂಲ ಪದ ‘ಜಾಳೇ’, ಅದೇ ಯಾ ಲೆಕ್ಕ. ಲಂಚ ತಗೊಳ್ಳುವಾಗ ತಲಾಠಿ ಬಲೆಗೆ. ಇದೇ ಸುದ್ದಿ ಇನ್ನೊಂದು ಪೇಪರಿನಲ್ಲಿ ‘ತಲಾಠ್ಯಾಲಾ ಅಟಕ್’ ಅಂತ ಬರಬಹುದು. ಅಲ್ಲಿ ಬಾಲ ಇಲ್ಲದ್ದು ‘ಅಟಕ್’, ಅಂದರೆ ಬಂಧನ. ‘ಲಾ’ ಅಂಟಿದವನು ಸಿಕ್ಕಿಬಿದ್ದವನು. ಹಿಡಿದವರನ್ನೂ ಹೇಳಬೇಕಾದರೆ ಹೆಚ್ಚಾಗಿ ‘ಪೋಲಿಸಾಂಕಡೂನ್ ಅಟಕ್’ ಅಂತ ಬರುತ್ತದೆ, ನಮ್ಮ ‘ಪೊಲೀಸರಿಂದ ಬಂಧನ’ ಇದ್ದ ಹಾಗೆ.

ಕೆಲವು ಪದಗಳು ನಮ್ಮವೇ ಅನ್ನಿಸಿ ದಾರಿ ತಪ್ಪಿಸುತ್ತವೆ. ‘ಮಂತ್ರ್ಯಾಂಚೀ ಚೌಕಶೀ’ ಅಂತ ಇದ್ದರೆ ಮಂತ್ರಿ ಚೌಕಾಸಿ ಮಾಡಿದರು ಅಂತಲ್ಲ. ಅವರ ಮೇಲೆ ವಿಚಾರಣೆ ಅಂತ. ‘ಘಾಟಾತೀಲ್ ಪ್ರವಾಸ್ ಅವಘಡ್’ ಅಂತ ಇದ್ದರೆ ಘಾಟಿಯಲ್ಲಿ ಅಪಘಾತ ಆಗಿಲ್ಲ. ಪ್ರಯಾಣ ಕಷ್ಟ ಆಗಿದೆ ಅಷ್ಟೇ. ಮರಾಠಿಯ ಅವಘಡ್ ಅಂದರೆ ಕಠಿಣ. ಕನ್ನಡ ಪೇಪರಿನಲ್ಲಿ ‘ಅವಘಡ’ ಓದಿ ರೂಢಿ ಆದವರು ಇಂಥ ತಲೆಬರಹ ನೋಡಿ ಗಾಬರಿಯಾಗಿ ಮನೆಗೆ ಫೋನ್ ಮಾಡಬೇಡಿ. ಅಪಘಾತಕ್ಕೆ ಅಲ್ಲಿಯೂ ‘ಅಪಘಾತ್’ ಅಂತಲೇ ಬರೆಯುತ್ತಾರೆ.

ಮಂತ್ರಿಯ ತಲೆಬರಹಕ್ಕೆ ವಾಪಸ್ ಬನ್ನಿ. ಅಲ್ಲೊಂದು ಗಂಟು ಉಳಿದಿದೆ. ‘ಮಂತ್ರ್ಯಾಂಚೀ’ ಒಳಗೆ ಒಂದು ಸೊನ್ನೆ ಇದೆ ನೋಡಿ. ಪ್ರತ್ಯಯಕ್ಕೆ ಮುಂಚೆ ಬರುವ ಆ ಅನುಸ್ವಾರ ಬಹುವಚನದ ಗುರುತು. ‘ಶಾಳೇಲಾ’ ಅಂದರೆ ಒಂದು ಶಾಲೆಗೆ, ‘ಶಾಳಾಂನಾ’ ಅಂದರೆ ಶಾಲೆಗಳಿಗೆ. ಆದರೆ ಮರಾಠಿಯಲ್ಲಿ ಗೌರವಕ್ಕೂ ಇದೇ ರೂಪ. ಹಾಗಾದರೆ ವಿಚಾರಣೆ ಒಬ್ಬ ಮಂತ್ರಿಯದೋ, ಹಲವರದೋ? ತಲೆಬರಹ ಒಂದರಿಂದಲೇ ಇದನ್ನು ಹೇಳಲು ಬರೋದಿಲ್ಲ. ಹೆಸರೋ, ‘ದೋನ್’ ಅಂಥ ಸಂಖ್ಯೆಯೋ ಇದ್ದರೆ ಆಯಿತು, ಇಲ್ಲದಿದ್ದರೆ ಕೆಳಗಿನ ಸುದ್ದಿಯ ಮೊದಲ ವಾಕ್ಯ ಓದಲೇಬೇಕು.

ಆ ಮೊದಲ ವಾಕ್ಯವೇ ನಮ್ಮ ಉತ್ತರ ಪತ್ರಿಕೆ. ತಲೆಬರಹದಲ್ಲಿ ಕತ್ತರಿಸಿದ ಕ್ರಿಯಾಪದ ಹೆಚ್ಚಾಗಿ ಅಲ್ಲಿ ಸಿಗುತ್ತದೆ. ನಾನು ಮಾಡೋದು ಹೀಗೆ. ಸುದ್ದಿಯನ್ನು ಕೈಯಲ್ಲಿ ಮುಚ್ಚಿಕೊಂಡು ತಲೆಬರಹ ಮಾತ್ರ ಓದುತ್ತೇನೆ. ಬಾಲ ಇಲ್ಲದ ಪದಕ್ಕೆ ಗೆರೆ ಹಾಕಿ, ಬಿಟ್ಟುಹೋದ ಕ್ರಿಯಾಪದ ಊಹಿಸಿ, ಪೂರ್ತಿ ವಾಕ್ಯ ಅಂಚಿನಲ್ಲಿ ಬರೆಯುತ್ತೇನೆ. ಆಮೇಲೆ ಕೈ ತೆಗೆದು ಹೋಲಿಸುತ್ತೇನೆ. ಡೊಂಬಿವಲಿಯಿಂದ ಠಾಣೆಗೆ ಸೀಟು ಸಿಕ್ಕರೆ ಒಂದು ಪುಟ ಆರಾಮಾಗಿ ಆಗುತ್ತದೆ.

ಕೊನೆಗೆ ನಾಳೆಯ ಸುದ್ದಿಗಳು. ಇವುಗಳಲ್ಲಿ ಕ್ರಿಯಾಪದ ಅರ್ಧ ಉಳಿದಿರುತ್ತದೆ. ‘ಶುಕ್ರವಾರೀ ಪಾಣೀಪುರವಠಾ ಬಂದ್ ರಾಹಣಾರ್’, ಶುಕ್ರವಾರ ನೀರು ಸರಬರಾಜು ಬಂದ್. ‘ರಾಹಣಾರ್ ಆಹೇ’ಯಲ್ಲಿ ‘ಆಹೇ’ ಹೋಗಿದೆ, ‘ಣಾರ್’ ಉಳಿದಿದೆ. ಈ ‘ಣಾರ್’ ಗಂಡು, ಹೆಣ್ಣು, ಒಬ್ಬರು, ಹಲವರು ಯಾರಿಗೂ ಬದಲಾಗೋದಿಲ್ಲ, ಹಾಗಾಗಿ ಕಲಿಯುವವರಿಗೆ ತುಂಬ ಸುಲಭ. ಅದರ ಮುಂದೆ ಏನಿದೆ ಅಂತ ಮಾತ್ರ ಗಮನಿಸಿ. ‘ಭಾಡೇ ವಾಢಣಾರ್’ ಅಂದರೆ ಬಾಡಿಗೆಯೋ ಪ್ರಯಾಣ ದರವೋ ಏರುತ್ತದೆ ಅಂತ ಪತ್ರಿಕೆಯೇ ಹೇಳುತ್ತಿದೆ. ‘ಭಾಡೇ ವಾಢಣಾರ್?’ ಅಂತ ಪ್ರಶ್ನೆ ಚಿಹ್ನೆ ಇದ್ದರೆ ಅದು ಇನ್ನೂ ನಿರ್ಧಾರ ಆಗಿಲ್ಲ. ‘ವಾಢಣ್ಯಾಚೀ ಶಕ್ಯತಾ’ ಅಂತ ಇದ್ದರೆ ಏರುವ ಸಾಧ್ಯತೆ. ನೀರಿನ ಸುದ್ದಿಯಲ್ಲಿ ಪ್ರಶ್ನೆ ಚಿಹ್ನೆ ಇಲ್ಲ, ‘ಶಕ್ಯತಾ’ ಕೂಡ ಇಲ್ಲ ಅಂದರೆ ಗುರುವಾರ ರಾತ್ರಿಯೇ ಡ್ರಮ್ಮು ತುಂಬಿಸಿ ಇಟ್ಟುಕೊಳ್ಳಿ.